ಬೀಗದವನು ಬದಲಾಗಬೇಕೇ

ನಮ್ಮ ನಾಟಕ ಮಂಡಳಿ ಇವತ್ತಿಗೂ ನಿಂತಿದ್ದರೆ ಅದು ನನ್ನ ಪಿಸುಮಾತಿನ ಮೇಲೆ ನಿಂತಿದೆ. ನಾನು ಪ್ರಾಂಪ್ಟರ್. ಪಕ್ಕದ ಪರದೆಯ ಸಂದಿಯಲ್ಲಿ ಕಾಲು ಮುರಿದ ಸ್ಟೂಲಿನ ಮೇಲೆ ಕೂತು, ಮಾತು ಮರೆತವರ ಕಿವಿಗೆ ಸಾಲು ಎಸೆಯುವವನು. ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಎಸೆದ ಸಾಲುಗಳನ್ನೆಲ್ಲ ಒಂದರ ತುದಿಗೊಂದು ಗಂಟು ಹಾಕಿದರೆ ಚಂದ್ರನ ಸೊಂಟಕ್ಕೆ ಮೂರು ಸುತ್ತು ಉಡಿದಾರ ಕಟ್ಟಬಹುದು. ನನ್ನ ಕಿವಿಯೂ ಅಷ್ಟೇ. ಬಣ್ಣದ ಕೋಣೆಯಲ್ಲಿ ಪೌಡರ್ ಡಬ್ಬಿ ನಿಟ್ಟುಸಿರು ಬಿಟ್ಟರೆ ನನಗೆ ವೇದಿಕೆಯ ಮೇಲೆ ಕೇಳಿಸುತ್ತದೆ.

ಇಂಥ ನನ್ನ ಮೂಗಿಗೆ ಸಂಚಿನ ವಾಸನೆ ಬಡಿದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ. ಸಿಂಹಾಸನ ನಮ್ಮ ಅಕ್ಕನಿಗೆ ಟೀ ತೆಗೆದುಕೊಂಡು ಹೋಗುತ್ತಿದ್ದ.

ಸಿಂಹಾಸನ ಅಂದರೆ ನಮ್ಮ ಮುಖ್ಯ ನಟ. ರಾಜನ ಪಾತ್ರ ಬಿಟ್ಟು ಬೇರೆ ಯಾವುದಕ್ಕೂ ಕೂರದವನು ಎಂದು ಆ ಹೆಸರು ಬಿದ್ದಿತ್ತು. ತನ್ನ ಟೀಯನ್ನೇ ಇನ್ನೊಬ್ಬರ ಕೈಯಿಂದ ತರಿಸಿ ಕುಡಿಯುವ ಪ್ರಾಣಿ ಅದು. ಅಂಥವನು ತಟ್ಟೆಯಲ್ಲಿ ಲೋಟ ಇಟ್ಟುಕೊಂಡು, ಚೆಲ್ಲದ ಹಾಗೆ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಹೊಲಿಗೆ ಕೋಣೆಗೆ ಹೋಗುತ್ತಿದ್ದಾನೆ ಅಂದರೆ ಸೂರ್ಯ ಆ ದಿನ ಕೆಳಗಿನಿಂದ ಹುಟ್ಟಿದ್ದಾನೆ ಎಂದೇ ಅರ್ಥ.

ಅಕ್ಕ ಅಂದರೆ ನಮ್ಮ ಮಂಡಳಿಯ ದರ್ಜಿ, ಎಲ್ಲರಿಗೂ ಅಕ್ಕ. ಮಂಡಳಿ ಸೇರಿ ಇಪ್ಪತ್ತೆರಡು ವರ್ಷ. ರಾಜರ ಅಂಗಿಯನ್ನೂ ಭಿಕ್ಷುಕರ ಹರಕನ್ನೂ ಒಂದೇ ಶ್ರದ್ಧೆಯಿಂದ ಹೊಲಿದವಳು. ಎರಡು ವರ್ಷದ ಹಿಂದೆ ಅವಳು ಯಾರಿಗೂ ಹೇಳದೆ ಒಂದು ನಾಟಕ ಬರೆದಳು. ನಮ್ಮಲ್ಲಿ ಹೊಸ ನಾಟಕಕ್ಕೆ ಒಂದು ಕಟ್ಟುಪಾಡಿದೆ. ಏಳು ಜನರ ಮುಂದೆ ಓದಬೇಕು. ಓದು ಮುಗಿದ ಮೇಲೆ ಬೇಕು ಎನ್ನುವವರು ಪ್ರತಿಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ, ಬೇಡ ಎನ್ನುವವರು ನೆಲಕ್ಕೆ ಇಡುತ್ತಾರೆ. ಮೂರು ಸಲ ಓದಬಹುದು. ಮೂರನೇ ಸಲವೂ ಬಹುಮತ ನೆಲ ಸೇರಿದರೆ ಆ ನಾಟಕದ ಕತೆ ಮುಗಿಯಿತು. ಅದರ ಹಾಳೆಗಳು ಹೊಲಿಗೆ ಕೋಣೆಗೆ ಹೋಗುತ್ತವೆ, ಕಾಲರು ತೋಳುಗಳ ನಮೂನೆ ಕತ್ತರಿಸಲು. ನನ್ನ ಅಂಗಿಯ ಅಳತೆಯೇ ಯಾವುದೋ ಪುಣ್ಯಾತ್ಮನ ಐದಂಕದ ದುರಂತದ ಮೇಲೆ ಕತ್ತರಿಸಿದ್ದು.

ಅಕ್ಕನ ನಾಟಕ ಎರಡು ಸಲ ನೆಲ ಸೇರಿತ್ತು. ಎರಡು ಸಲವೂ ಬಂದ ಟಿಪ್ಪಣಿ ಒಂದೇ: ನಾಯಕ ಬದಲಾಗುವುದಿಲ್ಲ. ಮೂರನೇ ಓದು ಮುಂದಿನ ವಾರದ ಶನಿವಾರ. ತಪ್ಪಿದರೆ ತನ್ನ ನಾಟಕವನ್ನು ತಾನೇ ಕತ್ತರಿಸಬೇಕು.

ನಾಟಕದಲ್ಲಿ ಇಷ್ಟೇ ಇದೆ. ಒಂದು ನಾಲ್ಕು ಮಹಡಿಯ ಕಟ್ಟಡ, ಮೆಟ್ಟಿಲ ಕೆಳಗೆ ಬೀಗ ರಿಪೇರಿ ಮಾಡುವವನೊಬ್ಬ. ಕಟ್ಟಡದಲ್ಲಿ ಏನೋ ಕಳವಾಗುತ್ತದೆ. ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಒಬ್ಬೊಬ್ಬರಾಗಿ ಕದ್ದುಮುಚ್ಚಿ ಬಂದು ಇನ್ನೊಂದು ಬೀಗ ಹಾಕಿಕೊಡು ಅನ್ನುತ್ತಾರೆ. ಅವನು ಹಾಕುತ್ತಾನೆ, ಆದರೆ ಹೇಳುತ್ತಾನೆ: 'ಹೊರಗಿನವರು ತೆಗೆಯಲಾಗದ ಬಾಗಿಲು ಬಾಗಿಲಲ್ಲ, ಗೋಡೆ.' ಅವನ ಬಾಗಿಲಿಗೆ ಮಾತ್ರ ಬೀಗವೇ ಇಲ್ಲ. ಕೊನೆಗೆ ಮೂರನೇ ಮಹಡಿಯ ಅಜ್ಜಿ ಆರು ಬೀಗದ ಹಿಂದೆ ಬಿದ್ದು ಕೈಕಾಲು ಆಡದೆ ಕೂಗುತ್ತಾಳೆ. ಬಾಗಿಲು ತೆಗೆಯುವವನು ಅವನೊಬ್ಬನೇ. ಆಮೇಲೆ ಕಟ್ಟಡದವರು ತಮ್ಮ ತಮ್ಮ ಬೀಗ ಬಿಚ್ಚಿ ತಂದು ಮೆಟ್ಟಿಲ ಮೇಲೆ ರಾಶಿ ಹಾಕುತ್ತಾರೆ. ಪರದೆ.

ಸಿಂಹಾಸನ ಹೊಲಿಗೆ ಕೋಣೆಯಲ್ಲಿ ಅರ್ಧ ಗಂಟೆ ಇದ್ದ. ನಾನು ಹೊರಗೆ ಒಗೆದ ಧೋತಿಗಳ ಸಾಲಿನ ಹಿಂದೆ ನಿಂತಿದ್ದೆ. ಕದ್ದು ಕೇಳಲಿಲ್ಲ, ನನ್ನ ಕಿವಿ ತಾನಾಗಿ ಕೇಳಿತು.

"ಮೊದಲನೇ ದೃಶ್ಯದಲ್ಲಿ ಅವನು ಯಾರನ್ನೂ ನಂಬಬಾರದು ಅಕ್ಕ," ಎನ್ನುತ್ತಿದ್ದ. "ಅವನ ಮನೆಗೇ ಆರು ಬೀಗ ಇರಲಿ. ಆಮೇಲೆ ನಿಧಾನಕ್ಕೆ ಕರಗಲಿ. ಕೊನೇ ದೃಶ್ಯದಲ್ಲಿ ತನ್ನ ಬೀಗ ತಾನೇ ಬಿಚ್ಚಿ, ಮೆಟ್ಟಿಲ ಮೇಲೆ ಕೂತು, ಅಳಲಿ."

"ಅಳಲೇಬೇಕಾ?"

"ಅಳದಿದ್ರೆ ನಾನ್ಯಾಕೆ ಅಕ್ಕ?"

ನನಗೆ ಅರ್ಥವಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು. ಇವನು ನಾಟಕವನ್ನು ಒಳಗಿನಿಂದ ತನ್ನ ಅಳತೆಗೆ ಹೊಲಿಸಿಕೊಂಡು, ಆಮೇಲೆ 'ಕಲ್ಪನೆ ನನ್ನದು' ಎಂದು ಬೋರ್ಡು ಹಾಕುತ್ತಾನೆ.

ಬುಧವಾರ ನಿರ್ದೇಶಕರು. ಅವರನ್ನು ನಾವು ಮೇಷ್ಟ್ರು ಅನ್ನುತ್ತೇವೆ, ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೆ ಟೀ ಅಂಗಡಿಯಲ್ಲಿ ಲೋಟ ಹಿಡಿಯುವುದನ್ನೂ ತಿದ್ದುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗುಂಡಿಯನ್ನೂ ಹೊಲಿಸದ ಮನುಷ್ಯ ಹೊಲಿಗೆ ಕೋಣೆಯಿಂದ ಹೊರಗೆ ಬಂದರು. ಜೇಬಿನಲ್ಲಿ ಅವರ ಹಸಿರು ಇಂಕಿನ ಪೆನ್ನು, ಕ್ಯಾಪು ತೆರೆದೇ ಇತ್ತು. ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳಿದ್ದು ಇದು:

"ಏರೋದಲ್ಲಮ್ಮ, ಇಳೀಬೇಕು. ಒಳ್ಳೆಯವನಾಗಿ ಶುರುವಾಗಲಿ. ಜನ ಅವನನ್ನ ಹಿಂಡಿ ಹಿಂಡಿ, ಕೊನೆಗೆ ಅವನೂ ಅವರ ಹಾಗೇ ಆಗಲಿ. ಅಜ್ಜಿ ಕೂಗ್ತಾಳೆ, ಅವನಿಗೆ ಕೇಳಿಸುತ್ತೆ, ಅವನು ಏಳೋದಿಲ್ಲ. ನೋಡಿದವರು ಒಂದು ವಾರ ನಿದ್ದೆ ಮಾಡಬಾರದು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಹಿರಿಯರು ಹೇಳಿದ್ದು ಈ ಇಬ್ಬರನ್ನು ನೋಡಿಯೇ ಇರಬೇಕು. ಆದರೆ ನನ್ನ ಬುದ್ಧಿ ಅಲ್ಲಿಗೆ ನಿಲ್ಲಲಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ಎಳೆಯುವಂತೆ ನಟಿಸುತ್ತಿದ್ದಾರೆ, ಒಳಗೊಳಗೇ ಒಂದಾಗಿದ್ದಾರೆ, ಅಕ್ಕನ ನಾಟಕವನ್ನು ಚಿಂದಿ ಮಾಡಿ ಮೂರನೇ ಸಲವೂ ನೆಲಕ್ಕಿಡಿಸಿ, ಮುಂದಿನ ವರ್ಷ ಬೇರೆ ಹೆಸರಿನಲ್ಲಿ ತಾವೇ ಆಡುತ್ತಾರೆ. ಇಂಥದ್ದನ್ನು ಒಬ್ಬ ಸಾಮಾನ್ಯ ಮನುಷ್ಯ ಕಂಡುಹಿಡಿಯಲು ಹತ್ತು ವರ್ಷ ಬೇಕು. ನನಗೆ ಒಂದು ಬೀಡಿ ಮುಗಿಯುವಷ್ಟು ಹೊತ್ತು ಸಾಕಾಯಿತು.

ಸಾಕ್ಷಿ ಬೇಕಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹೊಲಿಗೆ ಕೋಣೆಗೆ ಹೋದೆ. ಆ ಕೋಣೆಗೆ ಚಿಲಕವಿತ್ತು, ಬೀಗ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

ಒಳಗಿನ ಗೋಡೆ ನೋಡಿ ನಾನು ನಿಂತುಬಿಟ್ಟೆ. ಅಕ್ಕ ಗೋಡೆಯ ಉದ್ದಕ್ಕೂ ಒಂಬತ್ತು ರಟ್ಟಿನ ಕಾರ್ಡು ಚುಚ್ಚಿದ್ದಳು, ಒಂದೊಂದು ದೃಶ್ಯಕ್ಕೆ ಒಂದೊಂದು. ಅವುಗಳ ಕೆಳಗೆ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಒಂದು ಅಡ್ಡಗೆರೆ. ಗೆರೆಯ ತುದಿಯಲ್ಲಿ 'ನಿಜ' ಎಂದು ಬರೆದಿದ್ದಳು. ಒಂದೊಂದು ಪಾತ್ರಕ್ಕೂ ಒಂದೊಂದು ಬಣ್ಣದ ದಾರ. ಆ ದೃಶ್ಯದಲ್ಲಿ ಆ ಪಾತ್ರ ನಿಜಕ್ಕೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ನೋಡಿ ಸೂಜಿ ಚುಚ್ಚಿ ದಾರ ಎಳೆದಿದ್ದಳು. ಕಟ್ಟಡದವರ ದಾರಗಳೆಲ್ಲ ಗೆರೆಯ ಕೆಳಗೆ ಹೊರಟು, ಇನ್ನೂ ಕೆಳಕ್ಕಿಳಿದು, ಕೊನೆಯ ಕಾರ್ಡಿನ ಹತ್ತಿರ ಗೆರೆಗೆ ಹತ್ತುತ್ತಿದ್ದವು. ಬೀಗದವನದು ಕೆಂಪು ದಾರ. ಮೊದಲ ಕಾರ್ಡಿನಿಂದ ಕೊನೆಯವರೆಗೆ ಅದು ಗೆರೆಯ ಮೇಲೆಯೇ, ತಂತಿಯಂತೆ.

ಐದನೇ ಕಾರ್ಡಿನಲ್ಲಿ ಅಕ್ಕ ಬರೆದಿದ್ದಳು: 'ಬೀಗದವನು ಎಂದಿನಂತೆ ಬುದ್ಧಿ ಹೇಳುತ್ತಾನೆ.' ಅದರ ಪಕ್ಕ ಹಸಿರು ಇಂಕಿನಲ್ಲಿ ಮೊಣಕೈಯಷ್ಟು ದೊಡ್ಡ ಪ್ರಶ್ನಾರ್ಥಕ ಚಿಹ್ನೆ.

ಸಾಕ್ಷಿ ಸಿಕ್ಕಿತು. ಕಾರ್ಡು ಕಿತ್ತು ಜೇಬಿಗೆ ಹಾಕಿಕೊಂಡೆ. ಕದಿಯಲಿಲ್ಲ, ಕಳ್ಳರ ಕೈಗೆ ಸಿಗದ ಹಾಗೆ ಕಾಪಾಡಿದೆ.

ಗುರುವಾರ ಬೆಳಿಗ್ಗೆ ಹೊಲಿಗೆ ಕೋಣೆಗೆ ಬೀಗ ಬಿದ್ದಿತ್ತು. ಹಿತ್ತಾಳೆಯದು, ತೆಂಗಿನಕಾಯಿ ಗಾತ್ರ. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಐದನೇ ಕಾರ್ಡ್ ಎಲ್ಲಿ?"

"ಯಾವ ಐದನೇದು?"

"ನಾಲ್ಕು ಆದ ಮೇಲೆ ಬರುತ್ತಲ್ಲ, ಅದು."

"ಸಿಂಹಾಸನನ್ನ ಕೇಳು. ಟೀ ತರೋನು ಅವನು."

"ಅವನನ್ನ ಕೇಳಿದೆ. ನಿನ್ನನ್ನ ಕೇಳು ಅಂದ. ಮೇಷ್ಟ್ರನ್ನ ಕೇಳಿದೆ. ಅವರೂ ನಿನ್ನನ್ನೇ ಕೇಳು ಅಂದ್ರು."

"ನೋಡಿದ್ಯಾ, ಇಬ್ಬರದೂ ಒಂದೇ ಮಾತು. ಅಲ್ಲೇ ಗೊತ್ತಾಗುತ್ತೆ ಸಂಚು."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಅಳತೆ ತೆಗೆಯುವವಳ ಹಾಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಅದನ್ನು ಅವಳು ನೋಡಿದಳು. ಬೀಗ ತೆಗೆದು, ಕೀಲಿಯನ್ನು ಕುತ್ತಿಗೆಯ ಸರಕ್ಕೆ ಪೋಣಿಸಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಆಮೇಲಿನ ಎರಡು ದಿನ ನಾನು ಪಟ್ಟ ಪಾಡನ್ನು ಬರೆಯಲು ಊರಿನ ಕಾಗದವೆಲ್ಲ ಸಾಲದು. ನಾನು ಹೋದ ಕಡೆ ಮಾತು ನಿಲ್ಲುತ್ತಿತ್ತು. ಸಿಂಹಾಸನ ತನ್ನ ಕಿರೀಟವನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳದ ಮೇಲೆ ಕೂತ. ತುಕ್ಕು ಹಿಡಿದ ತಗಡಿನ ಕಿರೀಟ ಅದು, ಅದನ್ನು ಕದ್ದವನಿಗೆ ಧನುರ್ವಾಯು ಬರುತ್ತದೆ. ಲೈಟಿನವನು ಬಂದು ನಗುತ್ತಾ, "ಏನಣ್ಣ, ನನ್ನ ನೀಲಿ ಗಾಜು ಕಾಣ್ತಿಲ್ಲ, ಅದನ್ನೂ ಕಾಪಾಡ್ತಿದ್ದೀಯಾ?" ಎಂದ.

ಮೊದಲ ದಿನ ನನಗೆ ಅನಿಸಿದ್ದು ಇದು: ಹೇಗೂ ಕಳ್ಳ ಅಂದಿದ್ದಾರೆ, ಮಿಕ್ಕ ಎಂಟು ಕಾರ್ಡನ್ನೂ ಕಿತ್ತು ಒಲೆಗೆ ಹಾಕೋಣ. ಎರಡನೇ ದಿನ ಅನಿಸಿದ್ದು: ಅಕ್ಕನ ಕಾಲು ಹಿಡಿದು ತಪ್ಪಾಯಿತು ಅನ್ನೋಣ, ಮಾಡದ ತಪ್ಪುಗಳನ್ನೂ ಸೇರಿಸಿ. ಮಧ್ಯೆ ಒಮ್ಮೊಮ್ಮೆ, ನಾನು ಇರೋದೇ ಹೀಗೆ, ಲೋಕ ಬೇಕಾದರೆ ತಿರುಗಲಿ ಎಂದು ಸ್ಟೂಲಿನ ಮೇಲೆ ಸೆಟೆದು ಕೂತೆ. ಆಗ ನನ್ನ ತಲೆಯೊಳಗೆ ಏನೋ ಕಟ್ಟೆಯೊಡೆಯಿತು. ಒಬ್ಬ ಮನುಷ್ಯನನ್ನು ಕಳ್ಳ ಎಂದು ನೋಡಿದರೆ ಸಾಕು, ಅವನೊಳಗೆ ಮೂರು ನಾಟಕ ಒಟ್ಟಿಗೆ ಶುರುವಾಗುತ್ತವೆ. ಅಕ್ಕನ ಬೀಗದವನನ್ನು ಮಾತ್ರ ಒಂಬತ್ತು ದೃಶ್ಯಗಳಲ್ಲಿ ಯಾರೂ ಹಾಗೆ ನೋಡುವುದೇ ಇಲ್ಲ.

ಶನಿವಾರ ಮಧ್ಯಾಹ್ನ ಹೋಗಿ ಬಾಗಿಲು ತಟ್ಟಿದೆ.

"ಯಾರು?"

"ಕಾರ್ಡ್ ಕಳ್ಳ."

ಚಿಲಕ ತೆರೆಯಿತು. ಕಾರ್ಡನ್ನು ಅವಳ ಹೊಲಿಗೆ ಯಂತ್ರದ ಮೇಲಿಟ್ಟೆ. "ಮೇಷ್ಟ್ರು ನಿನ್ನ ನಾಟಕ ಹಾಳು ಮಾಡ್ತಿದ್ದಾರೆ ಅಂತ ತಗೊಂಡೆ. ಹಸಿರು ಇಂಕು ನೋಡು."

"ಆ ಪ್ರಶ್ನೆ ಹಾಕಿ ಅಂತ ಅವರನ್ನ ಕರೆದವಳೇ ನಾನು ಕಣೋ. ಸಿಂಹಾಸನನ್ನೂ ನಾನೇ ಕರೆದೆ. ಏಳು ಜನರಲ್ಲಿ ನೆಲಕ್ಕಿಟ್ಟವರ ಪೈಕಿ ಅವರಿಬ್ಬರೂ ಇದ್ರಲ್ಲ. ಅವರಿಗೆ ಏನು ಬೇಕಿತ್ತು ಅಂತ ಅವರ ಬಾಯಿಂದಲೇ ಕೇಳಬೇಕಿತ್ತು."

"ನನ್ನನ್ನ ಯಾಕೆ ಕೇಳಲಿಲ್ಲ?"

"ನಿನ್ನನ್ನ ಕೇಳಿದ್ರೆ ನೀನು ಬಾಯಿ ಮುಚ್ಚೋದಿಲ್ಲ, ಮೂರನೇ ಓದಿಗೆ ಇನ್ನು ಏಳೇ ದಿನ."

ಬೇಸರವಾಯಿತು, ನಿಜ. ಆದರೂ ಕೂತೆ. ಅಕ್ಕ ಗೋಡೆಯ ದಾರಗಳನ್ನೆಲ್ಲ ಬಿಚ್ಚಿದಳು. ಮೂರೂ ರೀತಿ ಕಟ್ಟಿ ನೋಡೋಣ, ನೀನು ಎಲ್ಲರ ಮಾತೂ ಓದು, ಎಂದಳು. ನಾಟಕದುದ್ದಕ್ಕೂ ಪಾತ್ರ ಸಾಗುವ ದಾರಿಗೆ ಈಗಿನವರು ಕ್ಯಾರೆಕ್ಟರ್ ಆರ್ಕ್ ಎನ್ನುತ್ತಾರೆ, ಪಾಸಿಟಿವ್, ನೆಗೆಟಿವ್, ಫ್ಲಾಟ್ ಎಂದು ಮೂರು ಡಬ್ಬಿ ಮಾಡಿದ್ದಾರೆ. ಅಕ್ಕನ ಮಾತಿನಲ್ಲಿ ಏರುವ ಪಾತ್ರ, ಇಳಿಯುವ ಪಾತ್ರ, ನಿಂತ ಪಾತ್ರ.

"ಮೊದಲು ಕೇಳಬೇಕಾದ್ದು ಒಂದೇ," ಎಂದಳು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. "ಪರದೆ ಎದ್ದಾಗ ನಿಜ ಯಾರ ಹತ್ತಿರ ಇದೆ? ನಾಯಕನ ಹತ್ತಿರ ಇಲ್ಲ, ಸುಳ್ಳನ್ನ ನಂಬಿಕೊಂಡಿದ್ದಾನೆ, ಕೊನೆಗೆ ನಿಜ ಹಿಡೀತಾನೆ ಅಂದ್ರೆ ಏರುವವನು. ಸುಳ್ಳನ್ನೇ ಇನ್ನಷ್ಟು ಅಪ್ಪಿಕೊಂಡು ಮುಳುಗಿದ, ಇಲ್ಲಾ ಕೈಯಲ್ಲಿದ್ದ ನಿಜವನ್ನ ಬಿಸಾಕಿದ ಅಂದ್ರೆ ಇಳಿಯುವವನು."

"ನಿಜ ಹಿಡಿದ, ಆದರೆ ಅದು ಬೇವಿಗಿಂತ ಕಹಿ ಅಂತ ಗೊತ್ತಾಗಿ ಕುಸಿದುಹೋದ, ಅಂದ್ರೆ?"

"ಅದೂ ಇಳಿಯೋದೇ. ಇಳಿಯೋಕೆ ಮೆಟ್ಟಿಲು ಜಾಸ್ತಿ ಕಣೋ, ಏರೋಕೆ ಒಂದೇ."

ಮೊದಲು ಸಿಂಹಾಸನನ ದಾರಿ. ಕೆಂಪು ದಾರವನ್ನು ಮೊದಲ ಕಾರ್ಡಿನಲ್ಲಿ ತಳಕ್ಕಿಳಿಸಿದಳು. ಬೀಗದವನೇ ಕಟ್ಟಡದ ಅತಿ ದೊಡ್ಡ ಅನುಮಾನದ ಪಿಶಾಚಿ. ಹಾಗಾದರೆ ಯಾಕೆ ಹಾಗಾದ ಎಂದು ಹಳೆಯ ಗಾಯವೊಂದು ಬೇಕು, ಒಮ್ಮೆ ಸ್ವಂತ ತಮ್ಮನೇ ಅವನ ಮನೆ ದೋಚಿದ್ದ ಎಂದಳು ಅಕ್ಕ, ನನ್ನ ಕಡೆ ನೋಡದೆ. ಅವನಿಗೆ ಬೇಕಾಗಿರುವುದು ಭದ್ರತೆ, ಅವನಿಗೆ ಅಗತ್ಯವಾಗಿರುವುದು ನೆರೆಯವರು. ಕೊನೆಗೆ ಎರಡನೆಯದಕ್ಕಾಗಿ ಮೊದಲನೆಯದನ್ನು ಬಿಡಬೇಕು, ಆ ಬಿಡುವುದೇ ಏರುವ ಪಾತ್ರದ ಶಿಖರ. ಕೇಳಲು ಸೊಗಸಾಗಿತ್ತು. ನಾನಾಗಲೇ ಎರಡು ಕೈಯಲ್ಲೂ ಚಪ್ಪಾಳೆಗೆ ಸಿದ್ಧನಾಗಿದ್ದೆ.

ಎರಡನೇ ದೃಶ್ಯ ಓದಿದೆ. ಒಂದನೇ ಮಹಡಿಯವನು ಬಂದು ಮೂರನೇ ಬೀಗ ಕೇಳುತ್ತಾನೆ. ಬೀಗದವನು, ತಗೋ ನಾಲ್ಕು, ಎನ್ನುತ್ತಾನೆ. ದೃಶ್ಯ ಮುಗಿಯಿತು. ಮೂರನೆಯದೂ ಹಾಗೇ. ಕೇಳಿದವನಿಗೂ ಕೊಟ್ಟವನಿಗೂ ಒಂದೇ ನಂಬಿಕೆ, ತಿಕ್ಕಾಟವೆಲ್ಲಿಂದ ಬರಬೇಕು? ಆರನೆಯ ದೃಶ್ಯದವರೆಗೂ ಎಲ್ಲರೂ ಒಬ್ಬರಿಗೊಬ್ಬರು ಸರಿ ಸರಿ ಎನ್ನುತ್ತಾ ಕೂತರು.

"ಇವನಿಗೆ ನಿಜ ತೋರಿಸೋಕೆ ಇನ್ನೊಬ್ಬರು ಬೇಕು," ಎಂದಳು ಅಕ್ಕ. "ಅಜ್ಜಿ ಆಗಬಹುದು. ಆಗ ಅಜ್ಜಿ ಬೀಗ ಹಾಕದವಳಾಗಬೇಕು. ಆಗ ಅವಳು ಆರು ಬೀಗದ ಹಿಂದೆ ಬೀಳೋದು ಹೇಗೆ? ಇದು ಕೆಟ್ಟ ನಾಟಕ ಅಲ್ಲ. ನನ್ನ ನಾಟಕ ಅಲ್ಲ, ಅಷ್ಟೇ."

ಆಮೇಲೆ ಮೇಷ್ಟ್ರ ದಾರಿ. ಕೆಂಪು ದಾರ ಗೆರೆಯ ಮೇಲೆ ಶುರುವಾಗಿ, ಐದನೇ ಕಾರ್ಡಿನಿಂದ ಜಾರಿ, ಒಂಬತ್ತಕ್ಕೆ ನೆಲ ಮುಟ್ಟಿತು. ಸುಳ್ಳು ಹೇಳುವುದಿಲ್ಲ, ಇದನ್ನು ಓದುವಾಗ ನನ್ನ ಬೆನ್ನಿನ ಮೇಲೆ ಸಾವಿರ ಜೆರ್ರಿ ಹುಳಗಳು ಓಡಿದವು. ಒಳ್ಳೆಯವನೊಬ್ಬ ಒಂದೊಂದೇ ಮೆಟ್ಟಿಲಿಳಿಯುತ್ತಾನೆ, ಪ್ರತಿ ಮೆಟ್ಟಿಲಿಗೂ ಅವನಿಗೊಂದು ಸರಿಯಾದ ಕಾರಣವಿದೆ. ಎಂಟನೇ ದೃಶ್ಯದಲ್ಲಿ ಅಜ್ಜಿ ಕೂಗುತ್ತಾಳೆ, ಅವನು ಒಂದು ಬೀಗಕ್ಕೆ ಎಣ್ಣೆ ಬಿಡುತ್ತಾ ಕೂರುತ್ತಾನೆ.

"ಇದೇ ಇರಲಿ ಅಕ್ಕ," ಎಂದೆ. "ಏಳು ಜನ ಅಲ್ಲ, ಏಳು ಊರಿನವರು ಮಡಿಲಲ್ಲಿ ಇಟ್ಟುಕೊಳ್ತಾರೆ."

"ಒಂಬತ್ತನೇದು ಓದು."

ಓದಿದೆ. ಕಟ್ಟಡದವರು ಬೀಗ ಬಿಚ್ಚಿ ಮೆಟ್ಟಿಲ ಮೇಲೆ ರಾಶಿ ಹಾಕುತ್ತಾರೆ. ಓದುತ್ತಾ ಓದುತ್ತಾ ನಾಲಗೆ ತೊಡರಿತು. ಯಾಕೆ ಬಿಚ್ಚುತ್ತಾರೆ? ಅವರು ಕಂಡದ್ದೇನು? ನಂಬಿದ್ದ ಒಬ್ಬನೂ ಕೈಕೊಟ್ಟ. ಹಾಗೆ ಕಂಡವರು ಮನೆಗೆ ಹೋಗಿ ಏಳನೇ ಬೀಗ ಹಾಕಿಕೊಳ್ಳುತ್ತಾರೆ.

"ಹಾಗಾದ್ರೆ ನಾಟಕ ಏನು ಹೇಳಿದ ಹಾಗಾಯ್ತು?" ಎಂದಳು ಅಕ್ಕ. "ಅನುಮಾನ ಪಟ್ಟವರೇ ಜಾಣರು ಅಂತ. ಎರಡು ವರ್ಷ ಕೂತು ನಾನು ಬೀಗದ ಅಂಗಡಿಗೆ ಜಾಹೀರಾತು ಬರೆದ ಹಾಗೆ." ಸೂಜಿ ಕಿತ್ತಳು. "ನನಗೆ ಮೊದಲು ಹೊಳೆದದ್ದೇ ಆ ಬೀಗದ ರಾಶಿ. ಮೊದಲನೇ ದೃಶ್ಯ, ಕೊನೇ ದೃಶ್ಯ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಬೇರೆ ಆಗಿರೋದು ಯಾರು? ಕಟ್ಟಡ. ಅವನಲ್ಲ. ಕಟ್ಟಡ ಬದಲಾಗಬೇಕಾದ್ರೆ ಒಬ್ಬ ಬದಲಾಗದೆ ಇರಬೇಕು. ಅವನನ್ನ ತೆಗೆದುಬಿಡು, ಮಿಕ್ಕವರು ಇದ್ದಲ್ಲೇ ಇರ್ತಾರೆ. ನಿಂತ ಪಾತ್ರಕ್ಕೆ ಅದೇ ಪರೀಕ್ಷೆ."

ಕೆಂಪು ದಾರವನ್ನು ಮತ್ತೆ ಗೆರೆಯ ಮೇಲೆ ಎಳೆದು ಕಟ್ಟಿದಳು. ಎಲ್ಲಾ ಎಲ್ಲಿ ಶುರುವಾಗಿತ್ತೋ ಅಲ್ಲಿಗೇ ಬಂತು.

"ಹಾಗಾದ್ರೆ ಎರಡು ಸಲ ಯಾಕೆ ನೆಲ ಸೇರಿತು?" ಎಂದೆ.

ಅಕ್ಕ ಐದನೇ ಕಾರ್ಡನ್ನು ನೋಡುತ್ತಾ ಕೂತಳು. ಇಲ್ಲಿ ನಾನು ಹೇಳಿದ ಮಾತನ್ನು ಕಲ್ಲಿನಲ್ಲಿ ಕೆತ್ತಿಸಬೇಕು, ಕಲ್ಲು ಸಿಗದಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

"ನಿನ್ನ ಬೀಗದವನು ನಿಂತಿಲ್ಲ ಅಕ್ಕ. ಅವನನ್ನ ಯಾರೂ ತಳ್ಳಿಲ್ಲ. ಗಾಳಿನೇ ಬೀಸದಿದ್ರೆ ಒಣಗಿದ ಕಡ್ಡೀನೂ ನಿಂತೇ ಇರುತ್ತೆ. ಐದನೇ ದೃಶ್ಯದಲ್ಲಿ ಬುದ್ಧಿ ಹೇಳ್ತಾನಂತೆ, ಎಂದಿನಂತೆ. ಯಾರಿಗೆ ಬೇಕು? ಆ ಏಳು ಜನಕ್ಕೆ ಬೇಜಾರಾಗಿತ್ತು, ಬೇಜಾರಿಗೆ ಬದಲಾಗಲಿಲ್ಲ ಅಂತ ಹೆಸರಿಟ್ರು. ಕಾಯಿಲೆ ಸರಿ, ಹೇಳಿದ ಔಷಧ ತಪ್ಪು. ಅವನನ್ನ ಕಳ್ಳ ಅನ್ನಬೇಕು."

"ಯಾರು?"

"ಎಲ್ಲಾ. ಎಲ್ಲಾ ಬೀಗ ಮಾಡಿದವನು ಅವನೇ, ಕೀಲಿ ಗೊತ್ತಿರೋನು ಅವನೇ. ನಾನು ಎರಡು ದಿನ ಅನುಭವಿಸಿದ್ದೀನಿ. ನನಗೆ ಒಲೆಗೆ ಹಾಕಬೇಕು ಅನಿಸ್ತು, ಕಾಲಿಗೆ ಬೀಳಬೇಕು ಅನಿಸ್ತು. ಅವನಿಗೂ ಅನಿಸಲಿ. ಇಳಿಯೋ ದಾರಿ, ಬಗ್ಗೋ ದಾರಿ ಎರಡೂ ಅವನ ಮುಂದೆ ತೆರೆದಿರಲಿ, ಎರಡೂ ಸುಲಭವಾಗಿರಲಿ. ಆಮೇಲೂ ನಿಂತ ಅಂದ್ರೆ ಅದು ನಿಂತದ್ದು."

ಅಕ್ಕ ಐದನೇ ಕಾರ್ಡಿನ 'ಎಂದಿನಂತೆ' ಎಂಬ ಮಾತನ್ನು ಸುಣ್ಣದ ಬಿಲ್ಲೆಯಿಂದ ಹೊಡೆದುಹಾಕಿದಳು. "ಅಂದ್ರೆ ನೀನೂ ನಿಂತ ಪಾತ್ರ ಅಂತೀಯ?"

"ಮತ್ತೆ? ಈ ಇಪ್ಪತ್ತೆಂಟು ವರ್ಷ ನಾನು ಬದಲಾಗಿದ್ದನ್ನ ಯಾರಾದ್ರೂ ನೋಡಿದ್ದಾರಾ?"

"ಬದಲಾಗಿಲ್ಲ, ಒಪ್ಪಿದೆ. ಆದರೆ ನಿಂತ ಪಾತ್ರಕ್ಕೆ ಮೊದಲಿಂದ ನಿಜ ಗೊತ್ತಿರಬೇಕಪ್ಪ. ನಿನ್ನ ಹತ್ತಿರ ಅದೆಲ್ಲಿದೆ?"

ಇಂಥವಳಿಗೆ ಉಪಕಾರ ಮಾಡಬಾರದು.

ಸೋಮವಾರದಿಂದ ಗುರುವಾರದವರೆಗೆ ಅಕ್ಕ ಐದನೇ ದೃಶ್ಯ ಬರೆದಳು, ಹರಿದಳು, ಬರೆದಳು. ಕಸದ ಬುಟ್ಟಿ ಬೆಟ್ಟವಾಗಿ ಅದರ ಮೇಲೆ ಹಿಮ ಬಿದ್ದಿತ್ತು ಎಂದರೆ ನಂಬಬೇಕು. ಕೊನೆಗೆ ಉಳಿದದ್ದು ಇದು. ಎರಡನೇ ಸಲ ಕಳವಾಗುತ್ತದೆ. ಬೀಗದವನೇ ಕಳ್ಳ ಎಂದು ಬೆರಳು ತೋರಿಸುವವಳು ಅದೇ ಮೂರನೇ ಮಹಡಿಯ ಅಜ್ಜಿ. ಅವನ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಸುರಿಯುತ್ತಾರೆ. ಅವನು ಅರಗಳನ್ನೂ ಕೀಲಿಗಳನ್ನೂ ಒಂದೊಂದಾಗಿ ಹೆಕ್ಕಿಕೊಳ್ಳುತ್ತಾನೆ. ಎಲ್ಲರೂ ಹೋದ ಮೇಲೆ ಒಂದು ಹೊಸ ಬೀಗ ತೆಗೆದು, ಮೊದಲ ಬಾರಿಗೆ, ತನ್ನ ಬಾಗಿಲಿಗೆ ಹಾಕುತ್ತಾನೆ. ಕೀಲಿ ತಿರುಗಿದ ಸದ್ದು. ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾನೆ. ಒಂದು ನಿಮಿಷ, ಮಾತಿಲ್ಲ. ಆಮೇಲೆ ಬೀಗ ತೆಗೆದು ಪೆಟ್ಟಿಗೆಗೆ ಹಾಕುತ್ತಾನೆ. ಅಲ್ಲಿಂದ ಮುಂದೆ ಮೂರು ದೃಶ್ಯ ಅವನ ಹತ್ತಿರ ಯಾರೂ ರಿಪೇರಿಗೆ ಬರುವುದಿಲ್ಲ. ಬುದ್ಧಿಮಾತುಗಳನ್ನೆಲ್ಲ ಅಕ್ಕ ಕತ್ತರಿಸಿಹಾಕಿದಳು, ಬಾಗಿಲು ಗೋಡೆಯ ಮಾತೊಂದನ್ನು ಬಿಟ್ಟು. ಗೋಡೆಯ ಮೇಲೆ ಕೆಂಪು ದಾರಕ್ಕೆ ಐದನೇ ಕಾರ್ಡಿನ ಕೆಳಗೆ ಒಂದು ಸಣ್ಣ ಜೋಲು ಬಂತು, ಮತ್ತೆ ಗೆರೆಗೆ ಸೇರಿತು.

ಶನಿವಾರ ತಾಲೀಮು ಕೋಣೆಯಲ್ಲಿ ಏಳು ಕುರ್ಚಿ. ಅಕ್ಕ ಓದಿದಳು, ನಾನು ಪಕ್ಕದಲ್ಲಿದ್ದೆ. ಕಣ್ಣು ಮಾತ್ರ ಸಿಂಹಾಸನನ ಮೇಲೂ ಮೇಷ್ಟ್ರ ಮೇಲೂ ಇತ್ತು. ಮೇಷ್ಟ್ರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು, ತೆಗೆದರು. ಸಿಂಹಾಸನ ತನ್ನ ಪ್ರತಿಯ ಕೊನೆಯ ಹಾಳೆ ಮೊದಲೇ ತಿರುವಿ ನೋಡಿ ಮುಖ ಸಿಂಡರಿಸಿದ. ಅಳು ಇರಲಿಲ್ಲ. ಹೋಯಿತು ಎಂದುಕೊಂಡೆ. ಐದನೇ ದೃಶ್ಯದ ಆ ನಿಮಿಷ ಬಂದಾಗ ಅಕ್ಕ ಓದು ನಿಲ್ಲಿಸಿ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಕೂತಳು. ಅಷ್ಟು ದೊಡ್ಡ ಮೌನದಲ್ಲಿ ಸಾಲು ಎಸೆಯದೆ ಕೂರುವುದು ನನ್ನ ವೃತ್ತಿಜೀವನದ ಅತಿ ಕಷ್ಟದ ಕೆಲಸ.

ಓದು ಮುಗಿಯಿತು.

"ಈಗಲೂ ನಾಯಕ ಬದಲಾಗಲಿಲ್ಲವಲ್ಲಮ್ಮ," ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ. ಬದಲಾಗದೆ ಇದ್ದವರು ಇನ್ಯಾರಿದ್ದಾರೆ ಹೇಳಿ."

ಅವರು ಬಾಯಿ ತೆರೆದರು. ಬೆರಳು ಮಡಿಸುತ್ತಾ ಒಂದನೇ ಮಹಡಿಯವನು, ಅವನ ಹೆಂಡತಿ, ಎದುರು ಮನೆಯವರು ಎಂದು ಎಣಿಸಿ ಅಜ್ಜಿಯ ಹತ್ತಿರ ನಿಂತರು. "ನಾನಾಗಿದ್ರೆ ಇಳಿಸ್ತಿದ್ದೆ," ಎಂದರು. "ಆದರೆ ಆಗ ಬೀಗದ ರಾಶಿ ಬಿಡಬೇಕಾಗುತ್ತೆ." ಪೆನ್ನಿನ ಕ್ಯಾಪು ಹಾಕಿ ಪ್ರತಿಯನ್ನು ನೆಲಕ್ಕೇ ಇಟ್ಟರು. ಹಟಮಾರಿ.

ಮೂರು ನೆಲದ ಮೇಲೆ, ಮೂರು ಮಡಿಲಲ್ಲಿ. ಉಳಿದವನು ಸಿಂಹಾಸನ. ಅವನು ಪ್ರತಿಯನ್ನು ಐದನೇ ದೃಶ್ಯಕ್ಕೆ ಬಿಚ್ಚಿ ಹಿಡಿದುಕೊಂಡಿದ್ದ. ಅಕ್ಕನ ಬೆರಳುಗಳು ಸೆರಗಿನ ಅಂಚನ್ನು ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಸಿಂಹಾಸನ ಪ್ರತಿಯನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡ.

ಅಕ್ಕ ಎದ್ದು, ಯಾರ ಮುಖವನ್ನೂ ನೋಡದೆ, ಬೀಗದವನ ಅಂಗಿಗೆ ಅಳತೆ ತೆಗೆಯಬೇಕು ಎಂದಷ್ಟೇ ಹೇಳಿ ಹೊರಟಳು.

ನನಗೆ ನಿದ್ದೆ ಬರುವ ಹಾಗಿರಲಿಲ್ಲ. ರಾಜನಲ್ಲದ, ಅಳುವಿಲ್ಲದ ಪಾತ್ರಕ್ಕೆ ಸಿಂಹಾಸನ ಹೌದು ಎನ್ನುವುದೆಂದರೆ ಇದರ ಹಿಂದೆ ಎಂಥ ಆಳವಾದ ಕುತಂತ್ರ ಇರಬೇಕು. ಹೊರಗಿನ ಮೆಟ್ಟಿಲ ಹತ್ತಿರ ಅವನನ್ನು ಹಿಡಿದೆ.

"ನಿಜ ಹೇಳು. ಯಾಕೆ ಇಟ್ಟುಕೊಂಡೆ?"

"ನಿನಗ್ಯಾಕೆ ಅನುಮಾನ?"

"ನೀನು ಅಳದೆ ಪರದೆ ಬೀಳಿಸಿದ್ದನ್ನ ನಾನು ನೋಡಿಲ್ಲ."

ಅವನು ಸುತ್ತ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ.

"ಅಳೋಕೆ ನನಗೆ ಬರುತ್ತೆ ಕಣಯ್ಯ," ಎಂದ. "ಮುಚ್ಚಿದ ಬಾಗಿಲ ಮುಂದೆ ಏನೂ ಮಾಡದೆ ಒಂದು ನಿಮಿಷ ನಿಲ್ಲೋಕೆ ಬರುತ್ತಾ ಅಂತ ನನ್ನ ಮೇಲೆ ನನಗೇ ಅನುಮಾನ."